ಬುಧವಾರದ ಗೂಡು

3 ಜನವರಿ 2024, ಬುಧವಾರ. ದೊಮ್ಮಲೂರು

ಬೆಳಿಗ್ಗೆ ಆರಕ್ಕೇ ತಮ್ಮನ ಫೋನು. "ಅಕ್ಕಾ, ಒಂದು ಹುಳನೂ ಹಣ್ಣಾಗಿಲ್ಲ. ಇನ್ನೂ ಸೊಪ್ಪು ತಿಂತಾನೇ ಇದಾವೆ."

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕಕ್ಕೆ ಎರಡು ಗುರುತು ಹಾಕಿದ್ದೆ. ಹಳದಿ ಗುರುತು ಈ ಬೆಳೆಯ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವುದಕ್ಕೆ. ನೀಲಿ ಗುರುತು ಮುಂದಿನ ಬೆಳೆಯ ಮೊಟ್ಟೆ ಚಾಕಿ ಕೇಂದ್ರದಲ್ಲಿ ಕಾವಿಗೆ ಕೂರುವುದಕ್ಕೆ. ನೀಲಿ ಕೆಲಸ ಆಯಿತು, ಹಳದಿ ಕೆಲಸ ಆಗಲಿಲ್ಲ.

ಈ ಎರಡು ಕೆಲಸ ಒಂದೇ ದಿನ ಬರುವುದು ಆಕಸ್ಮಿಕವಲ್ಲ. ನಾವು ಗೂಡು ಬಿಡಿಸುವುದು 35 ದಿನಕ್ಕೊಮ್ಮೆ. 35 ಅಂದರೆ ಐದು ವಾರ, ಹಾಗಾಗಿ ಗೂಡು ಯಾವಾಗಲೂ ಬುಧವಾರವೇ ಬರಬೇಕು. ಗೂಡಿನ ದಿನದಿಂದ ಹಿಂದಕ್ಕೆ ಎಣಿಸಿದರೆ ಚಂದ್ರಿಕೆಗೆ 7 ದಿನ, ನಮ್ಮ ಹುಳು ಮನೆಯಲ್ಲಿ ಮೂರನೇ ಹಂತದಿಂದ ಹಣ್ಣಾಗುವವರೆಗೆ 16 ದಿನ, ಅದಕ್ಕೂ ಮುಂಚೆ ಚಾಕಿ ಕೇಂದ್ರದಲ್ಲಿ ಎರಡನೇ ಜ್ವರ ಕಳೆಯುವವರೆಗೆ 8 ದಿನ, ಅದಕ್ಕೂ ಹಿಂದೆ ಮೊಟ್ಟೆಯ ಕಾವಿಗೆ 11 ದಿನ. ಒಟ್ಟು 42. ಸುತ್ತು 35, ಮೊಟ್ಟೆಯಿಂದ ಗೂಡಿಗೆ 42. ಉಳಿದ ಏಳು ದಿನ ಒಂದು ಬೆಳೆಯ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಅದಕ್ಕೇ ಒಂದು ಬೆಳೆ ಹಣ್ಣಾಗುವ ದಿನವೇ ಇನ್ನೊಂದು ಬೆಳೆಯ ಮೊಟ್ಟೆ ಕಾವಿಗೆ ಕೂರುತ್ತದೆ.

ಹುಳು ಮನೆ ತುಂಬಿರುವುದು 23 ದಿನ. ಸುತ್ತಿನಲ್ಲಿ ಉಳಿಯುವ 12 ದಿನ ಖಾಲಿ. ಚಳಿಗೆ ಹುಳು ಮಂಕಾಗಿ, ತಿನ್ನುವುದು ನಿಧಾನವಾಗಿ, ಬೆಳೆ ಮೂರು ದಿನ ಹಿಂದೆ ಬಿದ್ದಿದೆ. ಆ ಮೂರು ದಿನವನ್ನು ಯಾವುದರಿಂದ ಕಳೆಯುವುದು ಅನ್ನುವುದೇ ಇವತ್ತಿನ ಪ್ರಶ್ನೆ.

4 ಜನವರಿ, ಗುರುವಾರ

ಚಾಕಿ ಕೇಂದ್ರದವರಿಗೆ ಫೋನು ಮಾಡಿದೆ. ಮೊಟ್ಟೆ ಈಗಾಗಲೇ ಕಾವಿನಲ್ಲಿದೆ, ಇದೇ 14ಕ್ಕೆ ಮರಿ ಒಡೆಯಬೇಕು, 22ಕ್ಕೆ ಹುಳು ನಮ್ಮ ಮನೆಗೆ ಬರಬೇಕು. ಆದರೆ ಈಗಿನ ಗೂಡು 10ರ ಬದಲು 13ಕ್ಕೆ. 13ರಿಂದ 22ಕ್ಕೆ ಒಂಬತ್ತೇ ದಿನ. ಗುಡಿಸಿ, ತೊಳೆದು, ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರು ಹೊಡೆದು, ಒಣಗಿಸಿ, ಹುಳು ಬರುವ ಮೂರು ದಿನ ಮುಂಚೆ ಇನ್ನೊಮ್ಮೆ ಹೊಡೆದು ಮುಚ್ಚಿಡಬೇಕು. ಒಂಬತ್ತು ದಿನಕ್ಕೆ ಆಗುತ್ತದೆ, ಆದರೆ ಉಸಿರಾಡಲು ಜಾಗ ಇರುವುದಿಲ್ಲ.

ಮೊಟ್ಟೆಯನ್ನು ಎರಡು ದಿನ ತಡೆಯಬಹುದೇ ಎಂದು ಕೇಳಿದೆ. ಒಳಗೆ ಮರಿ ಪೂರ್ತಿ ಬೆಳೆದು ಮೊಟ್ಟೆ ನೀಲಿಗೆ ತಿರುಗಿದಾಗ ಅದನ್ನು 5 ಡಿಗ್ರಿ ತಂಪಿನಲ್ಲಿಟ್ಟರೆ ಒಡೆಯುವುದು ಮುಂದಕ್ಕೆ ಹೋಗುತ್ತದೆ. "ಎರಡು ದಿನ ಆಗ್ತದೆ ಮೇಡಂ. ಅದರ ಮೇಲೆ ಕೇಳಬೇಡಿ. ಮರಿ ಸೋತುಹೋಗ್ತವೆ, ಒಂದೇ ಸಮ ಒಡೆಯೋದಿಲ್ಲ" ಅಂದರು. ಎರಡು ದಿನ ಸಾಕು. ಹುಳು 24ಕ್ಕೆ ಬರುತ್ತವೆ. ಖಾಲಿ ದಿನ 11 ಉಳಿಯಿತು.

13 ಜನವರಿ, ಶನಿವಾರ. ಊರು

ಟಿನ್ ಫ್ಯಾಕ್ಟರಿವರೆಗೆ ಒಂದು ಬಸ್ಸು, ಅಲ್ಲಿಂದ ಹೊಸಕೋಟೆ, ಸೂಲಿಬೆಲೆ, ವಿಜಯಪುರ. ಅಲ್ಲಿಂದ ಶಿಡ್ಲಘಟ್ಟದ ದಾರಿಯಲ್ಲಿ ನಮ್ಮೂರು. ಮನೆ ಮುಟ್ಟುವಾಗ ಎಂಟೂವರೆ. ಗೂಡು ಬಿಡಿಸಲು ಆಳು ಆಗಲೇ ಕೂತಿದ್ದರು.

ಬಿಡಿಸುವ ಮೊದಲು ತಮ್ಮ ಮೂರು ಕಡೆಯಿಂದ ಮೂರು ಗೂಡು ತೆಗೆದು ಬ್ಲೇಡಿನಿಂದ ಸೀಳಿದ. ಒಳಗಿನ ಕೋಶ ಹಳದಿಯಾಗಿ ಮೆತ್ತಗಿದ್ದರೆ ಇನ್ನೂ ಕಾಯಬೇಕು. ಆ ಗೂಡು ಚೀಲದಲ್ಲಿ ಅದುರಿ ಒಳಗೆ ಒಡೆದರೆ ಕಲೆ ಹೊರಗೆ ಬಂದು ದರ ಬೀಳುತ್ತದೆ. ಮೂರೂ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದವು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಟಕಟಕ ಸದ್ದು. ಅದಾದ ಮೇಲೇ ಆಳಿಗೆ "ಶುರು ಮಾಡಿ" ಅಂದ.

200 ಮೊಟ್ಟೆಗೆ 118 ಕಿಲೋ ಬಂತು. (ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರಾ ಮೊಟ್ಟೆ, ಐನೂರರ ಹತ್ತಿರ ಮರಿ.) ಚಳಿಗಾಲಕ್ಕೆ ಬೇಸರದ ಬೆಳೆಯಲ್ಲ.

ಊಟದ ಹೊತ್ತಿಗೆ ತಮ್ಮ ಮಾತು ತೆಗೆದ. "ಅಕ್ಕಾ, ಹನ್ನೆರಡು ದಿನ ಮನೆ ಖಾಲಿ ಬಿಡೋದು ಯಾಕೆ? ನಾಲ್ಕು ವಾರಕ್ಕೆ ಇಳಿಸೋಣ. ಆಗಲೂ ಬುಧವಾರವೇ ಬರ್ತದೆ. ವರ್ಷಕ್ಕೆ ಹತ್ತರ ಬದಲು ಹದಿಮೂರು ಬೆಳೆ."

ಲೆಕ್ಕದಲ್ಲಿ ಅವನು ತಪ್ಪಿಲ್ಲ. 28 ದಿನದಲ್ಲಿ 23 ತುಂಬಿದರೆ ಐದು ದಿನ ಖಾಲಿ. ಆದರೆ ಈ ಸಲದ ಹಾಗೆ ಮೂರು ದಿನ ಜಾರಿದರೆ ಎರಡೇ ಉಳಿಯುತ್ತವೆ, ಅದಕ್ಕೆ ಮುಂದಿನ ಜಾರು ಸೇರಿದರೆ ಏನೂ ಉಳಿಯುವುದಿಲ್ಲ. ಸೊಪ್ಪಿನ ಮಾತು ಬೇರೆ. ನಮ್ಮದು ಎರಡು ತೋಟ, ಒಂದೊಂದು ಎಕರೆ, ಬಾವಿ ತೋಟ ಮತ್ತು ರಸ್ತೆ ತೋಟ. ಒಂದು ಬೆಳೆಗೆ ಒಂದು, ಮತ್ತೊಂದಕ್ಕೆ ಇನ್ನೊಂದು. 35ರ ಸುತ್ತಿನಲ್ಲಿ ಕಡಿದ ಸಾಲಿಗೆ ಮತ್ತೆ ಕುಡುಗೋಲು ಬೀಳುವುದು 70 ದಿನಕ್ಕೆ. 28ರಲ್ಲಿ 56 ದಿನಕ್ಕೇ. ಮಳೆಗಾಲದಲ್ಲಿ 56ಕ್ಕೆ ಸೊಪ್ಪು ತಯಾರಾಗಬಹುದು, ಪುಷ್ಯದ ಚಳಿಯಲ್ಲಿ ಆಗುವುದಿಲ್ಲ.

ಇದೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ, ಎದುರಾಡಲೂ ಇಲ್ಲ. ಆಗ ನಾದಿನಿ ಚಂದ್ರಿಕೆಯ ಕೆಳಗೆ ಗುಡಿಸಿದ ಕಸ ತಂದು ತೋರಿಸಿದಳು. ಅದರಲ್ಲಿ ಊಜಿಯ ಕೋಶಗಳು, ಕೆಂಪು ಕಂದು. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳುವನ್ನು ಒಳಗಿಂದ ತಿಂದು ಹೊರಬಿದ್ದು, ನೆಲದ ಬಿರುಕು ಸೇರಿ ಕೋಶವಾಗುತ್ತದೆ. ನಮ್ಮ ಕಡೆಗೆ ಈ ನೊಣ ಬಂದದ್ದೇ 1980ರಲ್ಲಿ, ಬಂಗಾಳದಿಂದ. ಅಪ್ಪನಿಗೆ ಚಿಕ್ಕಂದಿನಲ್ಲಿ ಇದು ಗೊತ್ತೇ ಇರಲಿಲ್ಲ.

ಉಳಿದದ್ದನ್ನು ಸೋಪಿನ ನೀರಿಗೆ ಹಾಕಿಸಿ, ಇಪ್ಪತ್ತು ಕೋಶ ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನನ್ನ ಚೀಲದಲ್ಲಿಟ್ಟುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದವಳು. ಬಾಯಿಮಾತಿಗಿಂತ ಎಣಿಸಿ ತೋರಿಸಿದ್ದು ನಿಲ್ಲುತ್ತದೆ.

25 ಜನವರಿ, ಗುರುವಾರ. ದೊಮ್ಮಲೂರು

ಬಾಟಲಿಯಲ್ಲಿ ಮೊದಲ ಎರಡು ನೊಣ ಸೋಮವಾರ 22ಕ್ಕೆ ಹೊರಬಂದವು. ಇವತ್ತು ಬೆಳಿಗ್ಗೆ ಎಣಿಸಿದರೆ ಹದಿನಾರು. ಬೆನ್ನಿನ ಮೇಲೆ ಕಪ್ಪು ಪಟ್ಟೆ, ಮನೆ ನೊಣಕ್ಕಿಂತ ದೊಡ್ಡವು, ಬಟ್ಟೆಗೆ ಡಿಕ್ಕಿ ಹೊಡೆಯುತ್ತಿವೆ.

ಅಂದರೆ ಗೂಡು ಬಿಡಿಸಿದ ಮೇಲೆ ಒಂಬತ್ತರಿಂದ ಹನ್ನೆರಡು ದಿನಕ್ಕೆ ನೊಣ. 28ರ ಸುತ್ತಿನಲ್ಲಿ ಗೂಡು ಬಿಡಿಸಿದ ಐದನೇ ದಿನವೇ ಹೊಸ ಹುಳು ಒಳಗೆ ಬಂದಿರುತ್ತವೆ. ಬಿರುಕಿನಲ್ಲಿ ಉಳಿದ ನೊಣ ಅದೇ ಮನೆಯಲ್ಲಿ ಎದ್ದು, ಜಾಲರಿಯ ಒಳಗೇ ನಾಲ್ಕನೇ ಹಂತದ ಹುಳು ಸಿದ್ಧವಾಗಿರುವುದನ್ನು ನೋಡುತ್ತದೆ. ಕಿಟಕಿಗೆ ಎಷ್ಟು ನೈಲಾನ್ ಜಾಲರಿ ಹೊಡೆದರೇನು? ಹನ್ನೆರಡು ದಿನ ಮನೆ ಬರಿದಾಗಿದ್ದರೆ ಹೆಚ್ಚಿನವು ತಿನ್ನಲು ಹುಳುವಿಲ್ಲದ ಮನೆಯಲ್ಲಿ ಏಳುತ್ತವೆ, ಬಾಗಿಲು ತೆರೆದರೆ ಹೋಗುತ್ತವೆ.

ತಮ್ಮನಿಗೆ ಫೋನು ಮಾಡಿ ಸಂಖ್ಯೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹುಳ ನಿನ್ನೆ ಬಂದ್ವಲ್ಲಕ್ಕಾ, ಹಾಗಾದ್ರೆ ಕೊನೇ ನಾಲ್ಕು ನೊಣ ಇಲ್ಲೇ ಇರ್ತವೆ" ಅಂದ. ಹೌದು. ಹನ್ನೊಂದು ದಿನ ಚಳಿಗೆ ಕಡಿಮೆಯೇ. ಮೂಲೆಗಳಲ್ಲಿ ಬಿಳಿ ತಟ್ಟೆಗೆ ಊಜಿನಾಶಕದ ನೀರು ಹಾಕಿಡಲು ಹೇಳಿದೆ.

16 ಫೆಬ್ರವರಿ, ಶುಕ್ರವಾರ. ಊರು

ಗೂಡು ಇವತ್ತು. ಕ್ಯಾಲೆಂಡರಿನ ಪ್ರಕಾರ ಬುಧವಾರ 14ಕ್ಕೆ ಆಗಬೇಕಿತ್ತು. ಮೊಟ್ಟೆಯನ್ನು ತಡೆದ ಎರಡು ದಿನ ಹಾಗೇ ಕೊನೆಗೆ ಬಂದು ನಿಂತಿದೆ, ಹೊಸದಾಗಿ ಒಂದು ದಿನವೂ ಸೇರಿಲ್ಲ. ಕಾರಣ, ಈ ಸಲ ಹುಳು ಮನೆಯಲ್ಲಿ ಹೀಟರ್ ಇಟ್ಟು, ಗಾಳಿ ಒಣಗದಂತೆ ಪಾತ್ರೆಯಲ್ಲಿ ನೀರು ಕಾಯಿಸಿ, ರಾತ್ರಿಯೂ 24-25 ಡಿಗ್ರಿ ಇಳಿಯದ ಹಾಗೆ ನೋಡಿಕೊಂಡರು. 16 ದಿನಕ್ಕೆ ಹಣ್ಣಾದವು. ಹಿಂದಿನ ಬೆಳೆಗೆ 19 ಹಿಡಿದಿತ್ತು.

ತಮ್ಮ ಕೇಳಿದ: "ಎರಡು ದಿನ ತಡ ಆಯ್ತಲ್ಲ, ಮುಂದಿನದನ್ನೂ ಎರಡು ದಿನ ಮುಂದಕ್ಕೆ ಹಾಕೋಣವಾ?"

ಬೇಡ ಅಂದೆ. ಎಷ್ಟೋ ಮನೆಗಳಲ್ಲಿ ಸುತ್ತು ಕೆಡುವುದು ಇಲ್ಲೇ. ಈ ಬೆಳೆ ಮುಗಿದ ದಿನದಿಂದ ಮುಂದಕ್ಕೆ ಎಣಿಸಿದರೆ ತಡ ಎಲ್ಲ ಕೂಡುತ್ತಾ ಹೋಗುತ್ತದೆ. ಆರು ಬೆಳೆಯಲ್ಲಿ ಎರಡೆರಡು ದಿನ ಅಂದರೆ ಹನ್ನೆರಡು ದಿನ. ಮುಂದಿನ ಗೂಡಿನ ದಿನದಿಂದ ಹಿಂದಕ್ಕೆ ಎಣಿಸಿದರೆ ತಡ ಕೂಡುವುದಿಲ್ಲ, ಅದನ್ನು ಖಾಲಿ ದಿನಗಳು ನುಂಗುತ್ತವೆ. ಮಾರ್ಚ್ 20 ಬುಧವಾರದ ಗೂಡಿಗೆ ಮೊಟ್ಟೆ ಇದೇ ತಿಂಗಳು 7ಕ್ಕೇ ಕಾವಿಗೆ ಕೂತಾಗಿದೆ, ಹುಳು 26ಕ್ಕೆ ಬರುತ್ತವೆ. ಇವತ್ತಿನಿಂದ ಹತ್ತು ದಿನ. ಅಷ್ಟರಲ್ಲಿ ತೊಳೆದು ಮುಗಿಸಬೇಕು.

13 ಮಾರ್ಚ್, ಬುಧವಾರ. ಊರು

ಎರಡು ಕಾರಣಕ್ಕೆ ಬಂದೆ. ಒಂದು, ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತುತ್ತಿವೆ. ಹೇಳಿದ ದಿನಕ್ಕೇ. ಎರಡು, ಇವತ್ತು ಏಪ್ರಿಲ್ 24ರ ಬೆಳೆಗೆ ಎಷ್ಟು ಮೊಟ್ಟೆ ಅನ್ನುವುದು ತೀರ್ಮಾನವಾಗಬೇಕು.

ದೊಮ್ಮಲೂರಿನಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬಾರದೆ ನಾಲ್ಕು ದಿನ. ಇಲ್ಲಿ ಬೋರ್‌ವೆಲ್ ಎರಡು ಗಂಟೆ ಎತ್ತಿ ನಿಲ್ಲುತ್ತದೆ. ರಸ್ತೆ ತೋಟಕ್ಕೆ ಹೋದೆವು. ಫೆಬ್ರವರಿ ಮೊದಲ ವಾರದಲ್ಲಿ ಕಡಿದದ್ದು, ಈಗ ಸುಮಾರು 38 ದಿನ. ಬೇರೆ ಬೇರೆ ಸಾಲಿನಿಂದ ಹತ್ತು ಗಿಡ ಆರಿಸಿ, ಅಂಚಿನ ಸಾಲು ಬಿಟ್ಟು, ಸೊಪ್ಪು ಬಿಡಿಸಿ ತೂಗಿದೆವು. ಗಿಡಕ್ಕೆ ಸರಾಸರಿ 180 ಗ್ರಾಂ. ಅಕ್ಟೋಬರ್ ಕೊನೆಯಲ್ಲಿ ಇದೇ ತೋಟ, ಇದೇ ವಯಸ್ಸಿಗೆ ತೂಗಿದಾಗ 240 ಇತ್ತು ಎಂದು ಹಳೇ ಪುಟದಲ್ಲಿ ಬರೆದಿದ್ದೇನೆ. ಆ ಬೆಳೆ ಕಟಾವಿಗೆ ಬಂದಾಗ ಗಿಡಕ್ಕೆ 450 ಗ್ರಾಂ ಸಿಕ್ಕಿತ್ತು. ಮೂರು ಅಡಿಗೆ ಮೂರು ಅಡಿ ನಾಟಿ, ಎಕರೆಗೆ 4,840 ಗಿಡ, ಎರಡು ಟನ್ನಿನ ಮೇಲೆ ಸೊಪ್ಪು. ನೂರು ಮೊಟ್ಟೆಗೆ ಸುಮಾರು ಒಂದು ಟನ್ ಬೇಕು, ಹಾಗಾಗಿ 200 ಮೊಟ್ಟೆ ಸರಿಹೋಗಿತ್ತು. ಈಗ ಮುಕ್ಕಾಲು ಬೆಳವಣಿಗೆ. ಮುಕ್ಕಾಲು ಪಾಲು ಸೊಪ್ಪು, ಮುಕ್ಕಾಲು ಪಾಲು ಮೊಟ್ಟೆ. 150.

"ಒಂದು ವಾರ ಮುಂದಕ್ಕೆ ಹಾಕಿದ್ರೆ ಸೊಪ್ಪು ಬೆಳೀತದಲ್ಲಕ್ಕಾ" ಅಂದ ತಮ್ಮ. ಬೆಳೆಯುತ್ತದೆ, ಆದರೆ ಆ ವಾರ ಬಾವಿ ತೋಟದ ಸರದಿಗೂ ತಗಲುತ್ತದೆ. ಅಲ್ಲಿ ಸೊಪ್ಪು ಬಲಿತು ಅಡಿಯೆಲೆ ಹಳದಿಯಾಗಿ ಉದುರುತ್ತದೆ. ಒಂದು ತೋಟದ ಕೊರತೆ ಎರಡಕ್ಕೂ ಹಬ್ಬುತ್ತದೆ. ಮೊಟ್ಟೆ ಕಡಿಮೆ ಮಾಡಿದರೆ ನಷ್ಟ ಈ ಒಂದು ಬೆಳೆಯಲ್ಲೇ ನಿಲ್ಲುತ್ತದೆ. ಸೊಪ್ಪಿನ ಹಸಿವು ಗೊತ್ತಾಗುವುದು ಐದನೇ ಹಂತದ ಕೊನೆಯ ಮೂರು ದಿನ. ಹುಳು ತಿನ್ನುವುದರಲ್ಲಿ ಹತ್ತಕ್ಕೆ ಎಂಟು ಪಾಲು ಐದನೇ ಹಂತದಲ್ಲೇ. ಆಗ ಸೊಪ್ಪಿಗೆ ಊರೂರು ಅಲೆದರೂ ಸಿಗುವುದಿಲ್ಲ.

ಚಾಕಿ ಕೇಂದ್ರಕ್ಕೆ ಅಲ್ಲಿಂದಲೇ ಫೋನು ಮಾಡಿ 150 ಎಂದು ಹೇಳಿ ಬರೆಸಿದೆ. ದಿನ ಅದೇ, ಮೊಟ್ಟೆ ಮಾತ್ರ ಕಡಿಮೆ.

9 ಏಪ್ರಿಲ್, ಮಂಗಳವಾರ. ಯುಗಾದಿ. ಊರು

ತಿಂಗಳ ಹಿಂದೆ ಕ್ಯಾಲೆಂಡರ್ ನೋಡುವಾಗಲೇ ಗೊತ್ತಾಗಿತ್ತು, ಈ ಯುಗಾದಿಗೆ ಹುಳು ನಾಲ್ಕನೇ ಜ್ವರಕ್ಕೆ ಕೂರುತ್ತವೆ ಎಂದು. ಏಪ್ರಿಲ್ 1ಕ್ಕೆ ಬಂದವು, ಮೂರನೇ ಹಂತ ನಾಲ್ಕು ದಿನ, ನಾಲ್ಕನೇ ಹಂತ ಐದು. ಅದರ ಕೊನೆಯ ದಿನ ಹಬ್ಬ. ಹಾಗೇ ಆಯಿತು. ನಿನ್ನೆ ಮಧ್ಯಾಹ್ನದಿಂದ ಸೊಪ್ಪು ಹಾಕುವಂತಿಲ್ಲ. ಎಷ್ಟೋ ವರ್ಷದ ಮೇಲೆ ನಾದಿನಿ ನಿಧಾನವಾಗಿ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡಳು, ಕೂತು ಒಬ್ಬಟ್ಟು ತಟ್ಟಿದಳು.

ಸ್ನಾನವಾದ ಮೇಲೆ ಹುಳು ಮನೆಗೆ ಹೋದೆ. ಜ್ವರದ ಮನೆಯ ನಿಶ್ಶಬ್ದ ಬೇರೆ. ತಿನ್ನುವಾಗ ಸೊಪ್ಪಿನ ಮೇಲೆ ಸಣ್ಣ ಮಳೆ ಬಿದ್ದ ಸದ್ದು ಇರುತ್ತದೆ, ಇವತ್ತು ಏನೂ ಇಲ್ಲ. ಸುಣ್ಣದ ಪುಡಿ ಚೆಲ್ಲಿದ ತಟ್ಟಿನ ಮೇಲೆ ಹುಳುಗಳು ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಮೈ ಬಿಗಿದು ಹೊಳೆಯುತ್ತಿತ್ತು, ಚಿಕ್ಕ ಮೂತಿಯ ಹಿಂದೆ ಹೊಸ ತಲೆಯ ನೆರಳು. ಕಣ್ಣೆದುರೇ ಒಂದು ಹುಳು ಹಳೇ ಮೂತಿಯನ್ನು ಟೋಪಿಯ ಹಾಗೆ ಕಳಚಿ, ಹಿಂದಕ್ಕೆ ಸರಿಯುತ್ತಿದ್ದ ಚರ್ಮದಿಂದ ನುಸುಳಿ ಮುಂದೆ ಬಂತು. ಹೊಸ ತಲೆ ದೊಡ್ಡದು, ತಿಳಿ ಬಣ್ಣ.

ಸಂಜೆ ನಾಲ್ಕಕ್ಕೆ ಮುಕ್ಕಾಲು ಪಾಲು ಎದ್ದಿದ್ದವು. ತಮ್ಮನ ಮಗ ಸೊಪ್ಪು ಎತ್ತಿಕೊಂಡ. "ಇನ್ನೂ ಬೇಡ ಕಣೋ" ಎಂದು ಅವನ ಅಮ್ಮ ತಡೆದಳು. ಎದ್ದವಕ್ಕೆ ಈಗಲೇ ಹಾಕಿದರೆ ಅವು ಮುಂದೆ ಓಡುತ್ತವೆ, ಏಳದವು ಸೊಪ್ಪಿನಡಿ ಹೂತು ಹಿಂದೆ ಬೀಳುತ್ತವೆ. ಆಮೇಲೆ ಹಣ್ಣಾಗುವುದು ಒಂದೂವರೆ ದಿನದ ಬದಲು ಮೂರು ದಿನ ಎಳೆಯುತ್ತದೆ, ಗೂಡಿನ ದಿನವೂ ಜಾರುತ್ತದೆ. ಎದ್ದ ಹುಳು ಅರ್ಧ ದಿನ ಹಸಿದಿದ್ದರೂ ಏನೂ ಆಗುವುದಿಲ್ಲ. ರಾತ್ರಿ ಒಂಬತ್ತಕ್ಕೆ ನೂರಕ್ಕೆ ತೊಂಬತ್ತೈದು ಎದ್ದ ಮೇಲೆ ಮೊದಲ ಸೊಪ್ಪು ಬಿತ್ತು.

17 ಏಪ್ರಿಲ್, ಬುಧವಾರ. ರಾಮನವಮಿ. ದೊಮ್ಮಲೂರು

ಬಿಸಿಲು ನನ್ನ ಲೆಕ್ಕವನ್ನು ಒಂದು ದಿನ ಮುಂಚೆಗೆ ತಂದಿದೆ. ಹುಳು ಮನೆಯ ಮೇಲೆ ತೆಂಗಿನ ಸೋಗೆ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿದರೂ ಮಧ್ಯಾಹ್ನ 32 ಇಳಿಯಲಿಲ್ಲ. ಐದನೇ ಹಂತ ಏಳರ ಬದಲು ಆರೂವರೆ ದಿನಕ್ಕೆ ಮುಗಿದು ನಿನ್ನೆ ಮಧ್ಯಾಹ್ನವೇ ಹಣ್ಣಾಗಲು ಶುರು. ರಾಮನವಮಿಗೆ ಆಳು ಅರ್ಧ ದಿನ ಬರುವುದಿಲ್ಲವೆಂದು ಮೊದಲೇ ತಿಳಿದಿದ್ದರಿಂದ ನಿನ್ನೆಗೂ ಹೇಳಿಟ್ಟಿದ್ದೆವು. ಹೆಚ್ಚಿನವು ನಿನ್ನೆಯೇ ಚಂದ್ರಿಕೆ ಏರಿದವು, ಉಳಿದವು ಇವತ್ತು ಬೆಳಿಗ್ಗೆ.

ತಡವಾದರೆ ಖಾಲಿ ದಿನ ನುಂಗುತ್ತದೆ. ಬೇಗ ಆದರೆ? ಒಂದು ದಿನವನ್ನು ಚಂದ್ರಿಕೆ ತಡೆದುಕೊಳ್ಳುತ್ತದೆ. ಏಳರ ಬದಲು ಎಂಟನೇ ದಿನ ಬಿಡಿಸಿದರೆ ಗೂಡಿನ ತೂಕ ಒಂದಿಷ್ಟು ಆರುತ್ತದೆ ಅಷ್ಟೇ. ಅದಕ್ಕಿಂತ ಹೆಚ್ಚು ಇಟ್ಟರೆ ಈ ಬಿಸಿಲಿಗೆ ಚಿಟ್ಟೆ ಹೊರಬರುವ ಭಯ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. 24ಕ್ಕೇ ಬಿಡಿಸಿ 25 ಗುರುವಾರ ಮಾರುಕಟ್ಟೆಗೆ. 26 ಶುಕ್ರವಾರ ಮತದಾನ, ಆ ದಿನಕ್ಕೆ ಏನನ್ನೂ ಉಳಿಸಿಕೊಳ್ಳುವಂತಿಲ್ಲ.

ಇವತ್ತಿನ ನೀಲಿ ಗುರುತಿನ ಕೆಲಸವೂ ಆಯಿತು. ಮೇ 29ರ ಗೂಡಿನ ಮೊಟ್ಟೆ ಕಾವಿಗೆ. ಸಂಜೆ ಚೊಕ್ಕನಾಥಸ್ವಾಮಿ ಗುಡಿಗೆ ಹೋಗಿ ಪಾನಕ ಕುಡಿದು ಬಂದೆ.

24 ಏಪ್ರಿಲ್, ಬುಧವಾರ. ಊರು

150 ಮೊಟ್ಟೆಗೆ 93 ಕಿಲೋ. ನೂರಕ್ಕೆ 62ರ ಲೆಕ್ಕ. ಜನವರಿಯಲ್ಲಿ 59 ಇತ್ತು. ಮೊಟ್ಟೆ ಕಡಿಮೆಯಾದರೂ ಹೊಟ್ಟೆ ತುಂಬ ತಿಂದ ಹುಳು. ಮಧ್ಯಾಹ್ನದ ಹೊತ್ತಿಗೆ ಜೋಡಿ ಗೂಡು, ಕಲೆ ಗೂಡು ಆರಿಸಿ ಬೇರೆ ಮಾಡಿ, ಒಳ್ಳೆಯದನ್ನು ಗಾಳಿಯಾಡುವ ಹಾಗೆ ತೆಳ್ಳಗೆ ಹರಡಿದೆವು.

ಗುಡಿಸುವಾಗ ತಮ್ಮ ಹೇಳದೆ ಕೇಳದೆ ಒಳಗಿಂದ ಒಂದು ಬಾಟಲಿ ತಂದು ಊಜಿ ಕೋಶ ಹುಡುಕಿ ಹಾಕಿದ. ಈ ಸಲ ಎಲ್ಲ ಸೇರಿ ಸಿಕ್ಕಿದ್ದು ಒಂಬತ್ತೇ.

5 ಮೇ, ಭಾನುವಾರ. ದೊಮ್ಮಲೂರು

ತಮ್ಮ ಫೋನು ಮಾಡಿದ. "ಒಂಬತ್ತರಲ್ಲಿ ಎಂಟು ನೊಣ ಎದ್ವು ಅಕ್ಕಾ. ಮೊದಲನೇದು 30ಕ್ಕೆ, ಕೊನೇದು ನಿನ್ನೆ. ನಾಲ್ಕು ವಾರದ ಸುತ್ತಾಗಿದ್ರೆ 29ಕ್ಕೇ ಹುಳ ಒಳಗಿರ್ತಿತ್ತು."

ಹುಳು ಬರುವುದು ನಾಳೆ, 6ಕ್ಕೆ. ಎರಡನೇ ಸಲದ ಸುಣ್ಣದ ನೀರು ಶುಕ್ರವಾರವೇ ಹೊಡೆದು ಬಾಗಿಲು ಹಾಕಿದ್ದಾರಂತೆ. ಮೊನ್ನೆ ಎರಡು ಹದ ಮಳೆಯೂ ಬಿದ್ದಿದೆ, ಬಾವಿ ತೋಟ ಚೇತರಿಸಿಕೊಂಡಿದೆಯಂತೆ. 38 ದಿನಕ್ಕೆ ತೂಗಿದ್ದನ್ನು ಅವನೇ ಬರೆದಿಟ್ಟಿದ್ದ, 175 ಮೊಟ್ಟೆ ಎಂದು ಅವನೇ ಹೇಳಿಯೂ ಆಗಿದೆ.

ಕ್ಯಾಲೆಂಡರಿನಲ್ಲಿ ಏಪ್ರಿಲ್ 24ರಿಂದ ಮೇ 5ರವರೆಗಿನ ಚೌಕಗಳನ್ನು ಇಷ್ಟು ದಿನ ಬರಿದೇ ಬಿಟ್ಟಿದ್ದೆ. ಇವತ್ತು ಅವಕ್ಕೂ ಒಂದು ಬಣ್ಣ ಬೇಕೆನಿಸಿತು. ಹಸಿರು ಪೆನ್ನು ತೆಗೆದು ಹನ್ನೆರಡೂ ದಿನಕ್ಕೆ ಗೆರೆ ಎಳೆದೆ, ಮೇ 29ರ ಮುಂದೆ ಬರುವ ಹನ್ನೆರಡಕ್ಕೂ.